ಮುಂಗಡದ ಲೆಡ್ಜರ್‌ನಲ್ಲಿ 20,000 ಕಡಿಮೆ: ವೋಚರ್ ತಪ್ಪೋ, ಮೆಂಬರ್‌ಶಿಪ್ ತಪ್ಪೋ?

ಲೆಡ್ಜರ್_ಲತಾ

ನಮಸ್ಕಾರ. ಒಂದು ಜಿಮ್‌ನ ಲೆಕ್ಕ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ವರ್ಷದ ಲೆಕ್ಕ ಮುಗಿಸೋಕೆ ಕೂತರೆ ಒಂದು ಕಡೆ ತಾಳೆಯಾಗುತ್ತಿಲ್ಲ. ಮೂರು ದಿನ ಆಯಿತು.

ನಮ್ಮಲ್ಲಿ ಎರಡು ರೀತಿಯಲ್ಲಿ ದುಡ್ಡು ಮೊದಲೇ ಬರುತ್ತದೆ. ಒಂದು ವಾರ್ಷಿಕ ಮೆಂಬರ್‌ಶಿಪ್, 12,000. ಇನ್ನೊಂದು ಗಿಫ್ಟ್ ವೋಚರ್, ಒಂದೊಂದೂ 1,000ದ್ದು. ವೋಚರ್ ತಂದವರು ಟ್ರೈನರ್ ಜೊತೆ ಒಂದು ಸೆಷನ್ ತಗೋಬಹುದು, ಅಥವಾ ಬೇರೆ ಯಾವುದಕ್ಕಾದರೂ ಬಳಸಬಹುದು. (ಅಂಕೆಗಳನ್ನು ದುಂಡಗೆ ಮಾಡಿದ್ದೇನೆ.) ಎರಡರ ದುಡ್ಡೂ ಬಂದಾಗ "ಮುಂಗಡ ಆದಾಯ" ಅನ್ನೋ ಒಂದೇ ಲೆಡ್ಜರ್‌ಗೆ ಹೋಗುತ್ತದೆ. ಮೆಂಬರ್‌ಶಿಪ್ ಆದರೆ ತಿಂಗಳಿಗೆ 1,000ದಂತೆ ಆದಾಯಕ್ಕೆ ಬಿಡುತ್ತೇನೆ. ವೋಚರ್ ಆದರೆ ಬಳಸಿದ ದಿನ.

ಈ ವರ್ಷ 200 ವೋಚರ್ ಮಾರಿದ್ದೇವೆ, ಅಂದರೆ 2,00,000. ಅದರಲ್ಲಿ 90 ಬಳಕೆಯಾಗಿವೆ, 110 ಹೊರಗಿವೆ. ಹಾಗಾಗಿ ವೋಚರ್ ಬಾಕಿ 1,10,000 ಇರಬೇಕು. ಮೆಂಬರ್‌ಗಳ ರಿಜಿಸ್ಟರ್ ಹಿಡಿದು, ಪ್ರತಿಯೊಬ್ಬರಿಗೂ ಇನ್ನೆಷ್ಟು ತಿಂಗಳು ಉಳಿದಿದೆ ಅಂತ ಎಣಿಸಿದರೆ 5,40,000. ಒಟ್ಟು 6,50,000.

ಲೆಡ್ಜರ್ ತೋರಿಸುತ್ತಿರೋದು 6,30,000. ಸರಿಯಾಗಿ 20,000 ಕಡಿಮೆ. ಎಲ್ಲಿ ಹೋಯಿತು?

ತಾಳೆಪಟ್ಟಿ

ಲತಾ ಮೇಡಂ, ನಿಮ್ಮ ವೋಚರ್‌ಗಳಲ್ಲಿ ಎಷ್ಟು ಪರ್ಸೆಂಟ್ ಯಾರೂ ಬಳಸದೇ ಹೋಗುತ್ತವೆ?

ಲೆಡ್ಜರ್_ಲತಾ

ಹಿಂದಿನ ಎರಡು ಸಲ ನೋಡಿದರೆ ಸುಮಾರು 10. ಒಂದು ವರ್ಷದ ಅವಧಿ ಇರುತ್ತದೆ. ಮೊದಲ ಸಲ 100ರಲ್ಲಿ 9 ಉಳಿದವು. ಹೋದ ಸಲ 200ರಲ್ಲಿ 22.

ತಾಳೆಪಟ್ಟಿ

ಹಾಗಾದರೆ ಸಿಕ್ತಲ್ಲ! 2,00,000ದಲ್ಲಿ 10 ಪರ್ಸೆಂಟ್ ಅಂದರೆ 20,000. ಇದಕ್ಕೆ ಬ್ರೇಕೇಜ್ ಅಂತಾರೆ. ನಿಮ್ಮ ಸಾಫ್ಟ್‌ವೇರ್ ಅದನ್ನು ತಾನಾಗಿಯೇ ಆದಾಯಕ್ಕೆ ಬಿಟ್ಟಿರುತ್ತದೆ. ತಪ್ಪೇನಿಲ್ಲ, ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ವೋಚರ್ ಎಕ್ಸ್‌ಪೈರ್ ಆಗೋತನಕ ಕಾಯಬೇಕಾಗಿಲ್ಲ. ಹೊರಗಿರೋ ವೋಚರ್ ಪಟ್ಟಿಯಿಂದ 20,000 ಕಳೆದುಬಿಡಿ, ತಾಳೆಯಾಗುತ್ತದೆ.

ನೀಲಿಕೊಡೆ

ಒಂದು ನಿಮಿಷ. ನನ್ನ ಹತ್ರ ಒಂದು ವೋಚರ್ ಇದೆ, ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು. ಅವಧಿ ಮುಗಿದು ಎರಡು ತಿಂಗಳಾಯಿತು. ಅಂಗಡಿಯವರು ಆಗಲ್ಲ ಅಂದರು. ಅಂದರೆ ನನ್ನ ದುಡ್ಡನ್ನ ಅವರು ಸುಮ್ನೆ ಲಾಭಕ್ಕೆ ಹಾಕಿಕೊಂಡರು ಅಂತಾನಾ? ವಾಪಸ್ ಕೇಳಬಹುದಾ?

ತಾಳೆಪಟ್ಟಿ

ಇದು ಲೆಕ್ಕದ ಕಡೆಯವರ ಚರ್ಚೆ, ಗ್ರಾಹಕರ ದೂರಿನದ್ದಲ್ಲ. ಆದರೆ ಹೌದು, ಹೆಚ್ಚುಕಮ್ಮಿ ಹಾಗೇ.

ಹಳೇಪೆನ್ಸಿಲ್

ಇಷ್ಟು ಬೇಗ ಸಿಕ್ಕಿತು ಅನ್ನಬೇಡಿ. ಎರಡು ಕಡೆ 20,000 ಬಂದಿದೆ ಅಂತ ಎರಡೂ ಒಂದೇ ಆಗಲ್ಲ. ಸಾಫ್ಟ್‌ವೇರ್ ತಾನಾಗಿ ಬ್ರೇಕೇಜ್ ಬಿಟ್ಟಿದ್ದರೆ ಅದಕ್ಕೊಂದು ಎಂಟ್ರಿ ಇರಲೇಬೇಕು. ಲತಾ ಅವರೇ, ಮುಂಗಡದ ಲೆಡ್ಜರ್‌ನ ಡೆಬಿಟ್ ಕಡೆ ಒಂದೊಂದೇ ಸಾಲು ನೋಡಿ. ಅಲ್ಲಿ ತಿಂಗಳ ಮೆಂಬರ್‌ಶಿಪ್ ಬಿಡುಗಡೆ, ವೋಚರ್ ಬಳಕೆ, ಇವೆರಡು ಬಿಟ್ಟು ಬೇರೆ ಏನಾದರೂ ಇದೆಯಾ?

ಇನ್ನೊಂದು. ತಾಳೆಪಟ್ಟಿ ಅವರು ಹೇಳಿದಂತೆ ಬ್ರೇಕೇಜ್ ಬಿಟ್ಟಿದ್ದರೂ ಈಗಲೇ ಪೂರ್ತಿ 20,000 ಬರುವುದು ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಳೆದದ್ದು ಸಿಗಲಿ.

ಲೆಡ್ಜರ್_ಲತಾ

ನೋಡಿದೆ ಸರ್. ಬೇರೆ ಸಾಲೇ ಇಲ್ಲ. ಎರಡೇ ರೀತಿಯ ಎಂಟ್ರಿ. ವೋಚರ್ ಬಳಕೆಯ ಡೆಬಿಟ್ ಒಟ್ಟು ಸರಿಯಾಗಿ 90,000. ಬ್ರೇಕೇಜ್ ಅಂತ ಯಾರೂ ಏನೂ ಹಾಕಿಲ್ಲ. ಆ ಪದ ಇವತ್ತೇ ಕೇಳಿದ್ದು.

ಹಳೇಪೆನ್ಸಿಲ್

ಸರಿ. ಹಾಗಾದರೆ ವೋಚರ್ ಬಾಕಿ ಲೆಡ್ಜರ್‌ನಲ್ಲೂ 1,10,000 ಇದೆ ಅಂತಾಯಿತು. 2,00,000 ಬಂತು, 90,000 ಹೋಯಿತು. ಕೊರತೆ ಇರುವುದು ಮೆಂಬರ್‌ಶಿಪ್ ಭಾಗದಲ್ಲಿ. ರಿಜಿಸ್ಟರ್ 5,40,000 ಅನ್ನುತ್ತದೆ, ಲೆಡ್ಜರ್ 5,20,000 ಅನ್ನುತ್ತದೆ. ಅಂದರೆ ರಿಜಿಸ್ಟರ್‌ನಲ್ಲಿ ಯಾರೋ ಇದ್ದಾರೆ, ಅವರ ದುಡ್ಡು ಲೆಡ್ಜರ್‌ನಲ್ಲಿ ಇಲ್ಲ.

ಈಗ ನನ್ನ ಪ್ರಶ್ನೆ. ಆ 90 ವೋಚರ್ ಕೊಟ್ಟವರು ಏನು ತಗೊಂಡರು? ಎಲ್ಲರೂ ಟ್ರೈನರ್ ಸೆಷನ್ ತಗೊಂಡರಾ?

ಅಂಚೆಚೀಟಿ

ಇದರ ನಡುವೆ ನನ್ನದೂ ಹೇಳಿಬಿಡುತ್ತೇನೆ. ನಾವು ಒಂದು ಮಾಸಪತ್ರಿಕೆ ನಡೆಸುತ್ತೇವೆ. ವರ್ಷದ ಚಂದಾ 600, 12 ಸಂಚಿಕೆ. ನಾನು ತಿಂಗಳಿಗೆ 50 ಅಂತ ಕ್ಯಾಲೆಂಡರ್ ನೋಡಿಕೊಂಡು ಬಿಡುತ್ತಿದ್ದೆ. ಒಂದು ವರ್ಷ ಮುದ್ರಣ ಕೆಟ್ಟು ಎರಡು ತಿಂಗಳು ಸಂಚಿಕೆ ಬರಲೇ ಇಲ್ಲ. ನಾನು ಮಾತ್ರ ಎಂದಿನ ಹಾಗೆ 50, 50 ಬಿಟ್ಟೆ. ಚಂದಾದಾರರಿಗೆ ಆ ಎರಡು ಸಂಚಿಕೆ ಮುಂದಿನ ವರ್ಷ ಕೊಟ್ಟೆವು. ಆದಾಯ ಮೊದಲೇ ಮುಗಿದಿತ್ತು, ಕೆಲಸ ಬಾಕಿ ಇತ್ತು! ಕಾಗದದ ಬಿಲ್ ಬಂದಾಗ ಎದುರಿಗೆ ಆದಾಯವೇ ಇಲ್ಲ.

ಲತಾ ಅವರೇ, ನಿಮ್ಮದೂ ಇದೇ ಇರಬಹುದಾ? ಜಿಮ್ ಏನಾದರೂ ಮುಚ್ಚಿತ್ತಾ?

ಹಳೇಪೆನ್ಸಿಲ್

ಅಂಚೆಚೀಟಿ ಅವರೇ, ನಿಮ್ಮದು ಬೇರೆ ಜಾತಿ. ನೀವು ಮಾರಿದ್ದು 12 ಸಂಚಿಕೆ, 12 ತಿಂಗಳಲ್ಲ. ಸಂಚಿಕೆ ಅಂಚೆಗೆ ಬಿದ್ದಾಗ 50 ಬಿಡಬೇಕು. ಜಿಮ್ ಮಾರುವುದು ಬಾಗಿಲು ತೆರೆದಿರೋ ಹಕ್ಕನ್ನ. ಮೆಂಬರ್ ಬಂದರೂ ಬಿಟ್ಟರೂ ದಿನ ಕಳೆದ ಹಾಗೆ ಕೆಲಸ ನಡೆದ ಹಾಗೆ. ಅದಕ್ಕೇ ಅಲ್ಲಿ ತಿಂಗಳ ಲೆಕ್ಕ ಸರಿ.

ತಾಳೆಪಟ್ಟಿ

ಒಪ್ಪಲ್ಲ. ಜಿಮ್‌ಗೆ ಸೇರಿದವರು ಮೊದಲ ಎರಡು ತಿಂಗಳು ಜಾಸ್ತಿ ಬರುತ್ತಾರೆ, ಆಮೇಲೆ ಮುಖ ತೋರಿಸಲ್ಲ. ಎಲ್ಲರಿಗೂ ಗೊತ್ತಿರೋದೇ. ಆ ಎರಡು ತಿಂಗಳಲ್ಲಿ ಜಾಸ್ತಿ ಆದಾಯ ಬಿಟ್ಟರೆ ನಿಜಕ್ಕೆ ಹತ್ತಿರ ಅಲ್ವಾ? ಮೇಲಾಗಿ ಇಂಥ ಮೆಂಬರ್‌ಶಿಪ್ ದುಡ್ಡು ವಾಪಸ್ ಕೊಡಲ್ಲ. ವಾಪಸ್ ಕೊಡದ ದುಡ್ಡು ಬಂದ ದಿನವೇ ನಮ್ಮದು.

ಹಳೇಪೆನ್ಸಿಲ್

ದುಡ್ಡು ನಿಮ್ಮದೇ. ಆದಾಯ ಅಲ್ಲ. ವಾಪಸ್ ಕೊಡಬೇಕಾಗಿಲ್ಲ ಅಂದ ಮಾತ್ರಕ್ಕೆ ಹನ್ನೊಂದು ತಿಂಗಳು ಬಾಗಿಲು ತೆರೆಯಬೇಕಾದ್ದು ತಪ್ಪುತ್ತದೆಯೇ? ಮೆಂಬರ್ ಮುಖ ತೋರಿಸದಿದ್ದರೂ ಲೈಟು, ಟ್ರೈನರ್ ಸಂಬಳ, ಬಾಡಿಗೆ ಎಲ್ಲ ಇದ್ದೇ ಇರುತ್ತದೆ. ಅವನು ಹತ್ತನೇ ತಿಂಗಳು ಬಂದು ನಿಂತರೆ ಬೇಡ ಅನ್ನೋಕಾಗಲ್ಲ. ಅವರೇ "20 ಸೆಷನ್‌ಗೆ ಇಷ್ಟು" ಅಂತ ಕಟ್ಟಿದ್ದರೆ ಮಾತು ಬೇರೆ, ಆಗ ಬಂದಷ್ಟಕ್ಕೆ ಬಿಡಬಹುದಿತ್ತು.

ಲತಾ ಅವರ ಉತ್ತರಕ್ಕೆ ಕಾಯುತ್ತಿದ್ದೇನೆ.

ಲೆಡ್ಜರ್_ಲತಾ

ಸರ್, ಸಿಕ್ಕಿತು. ಮುಂಭಾಗದ ಡೆಸ್ಕ್‌ನ ಡ್ರಾಯರ್‌ನಲ್ಲಿ ಬಳಸಿದ ವೋಚರ್‌ಗಳನ್ನು ಇಟ್ಟಿರುತ್ತಾರೆ. ತೆಗೆದು ನೋಡಿದರೆ ಎರಡು ಕಟ್ಟು ಬೇರೆ ಇದ್ದವು, ರಬ್ಬರ್ ಬ್ಯಾಂಡ್ ಹಾಕಿದ್ದವು. ಒಂದೊಂದರಲ್ಲೂ 12 ವೋಚರ್. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ, "ವಾರ್ಷಿಕ". ವರ್ಷ ಮುಗಿಯಲು ಎರಡು ತಿಂಗಳಿದ್ದಾಗ ಇಬ್ಬರು 12, 12 ವೋಚರ್ ಕೊಟ್ಟು ವಾರ್ಷಿಕ ಮೆಂಬರ್‌ಶಿಪ್ ತಗೊಂಡಿದ್ದಾರೆ. ಉಳಿದ 66 ಎಲ್ಲ ಸೆಷನ್.

ಆದರೆ ಸಾಫ್ಟ್‌ವೇರ್‌ಗೆ ವೋಚರ್ ಸ್ಕ್ಯಾನ್ ಮಾಡಿದ ತಕ್ಷಣ ಒಂದೇ ಎಂಟ್ರಿ ಗೊತ್ತು. ಮುಂಗಡ ಡೆಬಿಟ್, ಆದಾಯ ಕ್ರೆಡಿಟ್. ಹಾಗಾಗಿ ಆ 24,000 ಅವತ್ತೇ ಆದಾಯಕ್ಕೆ ಹೋಗಿದೆ. ಮೆಂಬರ್‌ಶಿಪ್ ಬಿಲ್ ಬರೆದಿಲ್ಲ, ಹಾಗಾಗಿ ತಿಂಗಳ ಬಿಡುಗಡೆ ಪಟ್ಟಿಯಲ್ಲೂ ಅವರಿಲ್ಲ. ರಿಜಿಸ್ಟರ್‌ನಲ್ಲಿ ಮಾತ್ರ ಇದ್ದಾರೆ, ಯಾಕೆಂದರೆ ಅದು ಗೇಟ್ ಕಾರ್ಡ್‌ನಿಂದ ಬರುತ್ತದೆ.

ಹಳೇಪೆನ್ಸಿಲ್

ಅದೇ ನಿಮ್ಮ 20,000. ಇಬ್ಬರಿಗೂ ಎರಡು ತಿಂಗಳು ಕಳೆದಿದೆ, ಹತ್ತು ತಿಂಗಳು ಉಳಿದಿದೆ. 24,000ದಲ್ಲಿ 4,000 ಮಾತ್ರ ಗಳಿಸಿದ್ದು. 20,000 ಇನ್ನೂ ಸಾಲ.

ವೋಚರ್ ಕೊಟ್ಟು ವೋಚರ್‌ನಂಥದ್ದೇ ಇನ್ನೊಂದು ಮಾತು ತಗೊಂಡ ಹಾಗೆ ಇದು. ಗ್ರಾಹಕ ಆ ದಿನ ಏನನ್ನೂ ಅನುಭವಿಸಿಲ್ಲ. ನೀವು ಕೊಡಬೇಕಾದ ಸೇವೆ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹೋಯಿತು, ಅಷ್ಟೇ. ಸರಿಯಾದ ಎಂಟ್ರಿ ಹೀಗಿರಬೇಕಿತ್ತು: ವೋಚರ್ ಮುಂಗಡ ಡೆಬಿಟ್ 24,000, ಮೆಂಬರ್‌ಶಿಪ್ ಮುಂಗಡ ಕ್ರೆಡಿಟ್ 24,000. ಆದಾಯದ ಸುದ್ದಿಯೇ ಇಲ್ಲ. ಆಮೇಲೆ ತಿಂಗಳಿಗೆ ಇಬ್ಬರದೂ ಸೇರಿ 2,000 ಬಿಡಬೇಕು. ಈಗ ಸರಿಪಡಿಸಲು ಆದಾಯ ಡೆಬಿಟ್ 20,000, ಮೆಂಬರ್‌ಶಿಪ್ ಮುಂಗಡ ಕ್ರೆಡಿಟ್ 20,000. ಲೆಡ್ಜರ್ 6,50,000ಕ್ಕೆ ಬರುತ್ತದೆ.

ದಯವಿಟ್ಟು ಆ ಒಂದೇ ಲೆಡ್ಜರ್ ಅನ್ನು ಎರಡು ಮಾಡಿ. ವೋಚರ್ ಬೇರೆ, ಮೆಂಬರ್‌ಶಿಪ್ ಬೇರೆ. ಎರಡಿದ್ದಿದ್ದರೆ ಮೂರು ದಿನ ಹುಡುಕಬೇಕಾಗಿರಲಿಲ್ಲ, ಯಾವುದರಲ್ಲಿ ಕೊರತೆ ಅಂತ ಮೊದಲ ದಿನವೇ ಕಾಣುತ್ತಿತ್ತು.

ತಾಳೆಪಟ್ಟಿ

ಸರಿ ಸರಿ, ಸೋತೆ. ಆದರೆ ಬ್ರೇಕೇಜ್ ಇದ್ದೇ ಇದೆಯಲ್ಲ? ಈಗ ಆ 20,000 ಬಿಡಬಹುದು ತಾನೇ?

ಹಳೇಪೆನ್ಸಿಲ್

ಇದೆ. ಪೂರ್ತಿ ಅಲ್ಲ. ನೀವು ಹೇಳಿದ್ದರಲ್ಲಿ ಅರ್ಧ ಸರಿ. ಎಕ್ಸ್‌ಪೈರ್ ಆಗೋತನಕ ಕಾಯಬೇಕಾಗಿಲ್ಲ ಅನ್ನುವುದು ಐಎಫ್‌ಆರ್‌ಎಸ್ 15 ಅನ್ನೋ ಅಂತಾರಾಷ್ಟ್ರೀಯ ಅಕೌಂಟಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಇದೆ. ಆದರೆ ಮಾರಿದ ದಿನವೇ ಎತ್ತಿಕೊಳ್ಳುವುದೂ ಇಲ್ಲ. ಗ್ರಾಹಕರು ಎಷ್ಟು ಬಳಸುತ್ತಾ ಹೋಗುತ್ತಾರೋ ಅದೇ ಪ್ರಮಾಣದಲ್ಲಿ ಬಳಸದ ಭಾಗವೂ ಆದಾಯಕ್ಕೆ ಬರುತ್ತದೆ.

ಲತಾ ಅವರ ಲೆಕ್ಕ ನೋಡಿ. 2,00,000 ಮಾರಿದ್ದಾರೆ. 20,000 ಬರಲ್ಲ ಅಂದುಕೊಂಡರೆ ಬಳಕೆಯಾಗುವುದು 1,80,000. ಅದರಲ್ಲಿ 90,000 ಆಗಿದೆ, ಅಂದರೆ ಅರ್ಧ. ಹಾಗಾಗಿ ಬ್ರೇಕೇಜ್‌ನದ್ದೂ ಅರ್ಧ.

```
20,000 × 90,000 ÷ 1,80,000 = 10,000
```

ಇನ್ನುಳಿದ 10,000 ಮುಂದಿನ 90,000 ಬಳಕೆಯಾಗುತ್ತಾ ಬರುತ್ತದೆ. ನೆನಪಿಡಿ, 2,00,000ಕ್ಕೆ ಭಾಗಿಸಬಾರದು. ತುಂಬಾ ಜನ ಅಲ್ಲೇ ಎಡವುತ್ತಾರೆ, 9,000 ಅಂತ ತರುತ್ತಾರೆ. ಹಾಗೆ ಮಾಡಿದರೆ 1,80,000 ಬಳಕೆಯಾಗಿ ಮುಗಿದ ಮೇಲೂ ಲೆಡ್ಜರ್‌ನಲ್ಲಿ 2,000 ಅನಾಥವಾಗಿ ಕೂತಿರುತ್ತದೆ.

ಹಿಂದಿನ ಅನುಭವ ಏನೂ ಇಲ್ಲದ ಹೊಸ ವ್ಯವಹಾರ ಆದರೆ ಈ ದಾರಿ ಇಲ್ಲ. ಆಗ ಇನ್ನು ಯಾರಾದರೂ ಬರುವ ಸಾಧ್ಯತೆ ತೀರಾ ಕಡಿಮೆ ಅನ್ನೋ ಹಂತದವರೆಗೆ ಮುಟ್ಟಬಾರದು. ಕೆಲವು ಕಡೆ ಬಳಸದ ವೋಚರ್ ದುಡ್ಡನ್ನು ಸರ್ಕಾರಕ್ಕೆ ಒಪ್ಪಿಸಬೇಕು ಅನ್ನೋ ಕಾನೂನಿದೆ. ಅಲ್ಲಿ ಆ ದುಡ್ಡು ಯಾವತ್ತೂ ಆದಾಯ ಆಗಲ್ಲ, ಕೊನೆತನಕ ಹೊಣೆಯೇ.

ನೀಲಿಕೊಡೆ

ಹಾಗಾದರೆ ನಾನು ವೋಚರ್ ಹಿಡಿದುಕೊಂಡು ಹೋಗೋದಕ್ಕಿಂತ ಮೊದಲೇ ಅವರು "ಇವನು ಬರಲ್ಲ" ಅಂತ ಸ್ವಲ್ಪ ಸ್ವಲ್ಪ ಲಾಭ ಬರೆದುಕೊಂಡಿರುತ್ತಾರಾ!

ಹಳೇಪೆನ್ಸಿಲ್

ನಿಮ್ಮೊಬ್ಬರ ಬಗ್ಗೆ ಅಲ್ಲ, ಗುಂಪಿನ ಬಗ್ಗೆ. ನೂರರಲ್ಲಿ ಹತ್ತು ಜನ ಬರಲ್ಲ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನಿಮಗೆ ಕೊಡಬೇಕೋ ಬೇಡವೋ ಅನ್ನುವುದನ್ನು ಲೆಡ್ಜರ್ ತೀರ್ಮಾನ ಮಾಡಲ್ಲ, ವೋಚರ್‌ನ ಷರತ್ತು ಮತ್ತು ನಿಮ್ಮಲ್ಲಿನ ಕಾನೂನು ಮಾಡುತ್ತದೆ. ಅಂಗಡಿಯ ಮಾಲೀಕರನ್ನೇ ಕೇಳಿ ನೋಡಿ. ಅವಧಿ ಮುಗಿದದ್ದನ್ನೂ ಒಪ್ಪುವವರು ತುಂಬಾ ಜನ ಇದ್ದಾರೆ.

ಲೆಡ್ಜರ್_ಲತಾ

ಅಯ್ಯೋ, ನಮ್ಮ ಯಜಮಾನರು ಅಂಥವರೇ. ಹೋದ ಸಲದ ವೋಚರ್ ಅವಧಿ ಮುಗಿದ ಮೇಲೆ ತಂದವರಿಗೂ "ಪರವಾಗಿಲ್ಲ ಬನ್ನಿ" ಅಂದಿದ್ದಾರೆ. ಈ ವರ್ಷ ಅಂಥವು ನಾಲ್ಕು. ಅವಧಿ ಮುಗಿದ ದಿನವೇ ನಾನು ಅವನ್ನು ಆದಾಯಕ್ಕೆ ಬಿಟ್ಟು ಫೈಲ್ ಮುಚ್ಚಿದ್ದೆ. ಅದಕ್ಕೇ ಅವು ಬಂದಾಗ ಎಂಟ್ರಿಯೇ ಹಾಕಲಿಲ್ಲ.

ಹಳೇಪೆನ್ಸಿಲ್

ಹಾಗಾದರೆ ನಿಮ್ಮ 10 ಪರ್ಸೆಂಟ್ ಸರಿ ಇಲ್ಲ. ಎರಡು ಸಲ ಸೇರಿ 300 ವೋಚರ್, ಉಳಿದದ್ದು 31. ಅದರಲ್ಲಿ 4 ಆಮೇಲೆ ಬಂದವು. ನಿಜವಾಗಿ ಬರದೇ ಹೋದದ್ದು 27, ಅಂದರೆ 9 ಪರ್ಸೆಂಟ್. ವೋಚರ್ ಮೇಲೆ ಏನು ಅಚ್ಚಾಗಿದೆ ಅನ್ನುವುದಕ್ಕಿಂತ ನಿಮ್ಮ ಯಜಮಾನರು ಏನು ಮಾಡುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ.

9 ಹಿಡಿದರೆ ಬರದೇ ಹೋಗುವುದು 18,000, ಬಳಕೆಯಾಗುವುದು 1,82,000.

```
18,000 × 90,000 ÷ 1,82,000 = 8,901
```

10,000ದ ಬದಲು 8,901. ಯಜಮಾನರು ಇನ್ನೂ ಉದಾರಿಯಾದರೆ ಇನ್ನೂ ಕಡಿಮೆ. ಪ್ರತಿ ವರ್ಷದ ಕೊನೆಗೆ ಈ ಅಂದಾಜನ್ನು ಮತ್ತೆ ನೋಡಿ. ಬದಲಾದರೆ ಹಳೆಯ ವರ್ಷದ ಪುಸ್ತಕ ತೆರೆಯಬೇಡಿ, ಬದಲಾದ ವರ್ಷದಲ್ಲೇ ವ್ಯತ್ಯಾಸ ಹಾಕಿ.

ಮೂರನೇಕಣ್ಣು

ತಡವಾಗಿ ಬಂದೆ, ಒಂದು ತಕರಾರು ಇದೆ. ಹಳೇಪೆನ್ಸಿಲ್ ಸರ್, ನೀವು ಬ್ರೇಕೇಜ್ ಲೆಕ್ಕಕ್ಕೆ 90,000 ಪೂರ್ತಿ ತಗೊಂಡಿರಿ. ಅದರಲ್ಲಿ 24,000 ಮೆಂಬರ್‌ಶಿಪ್‌ಗೆ ಹೋಗಿದೆ, ಸೇವೆ ಇನ್ನೂ ಕೊಟ್ಟಿಲ್ಲ ಅಂತ ನೀವೇ ಹೇಳಿದಿರಿ. ಹಾಗಿರುವಾಗ ಆ 24,000ದ ಪಾಲಿನ ಬ್ರೇಕೇಜ್ ಮಾತ್ರ ಈಗಲೇ ಆದಾಯ ಹೇಗೆ? ಅದೂ ಮೆಂಬರ್‌ಶಿಪ್ ಜೊತೆಗೆ ಹೋಗಿ 12 ತಿಂಗಳಲ್ಲಿ ಬಿಡಬೇಕಲ್ಲವೇ? ನನ್ನ ಲೆಕ್ಕದಲ್ಲಿ 2,000ದ ಆಸುಪಾಸು ಮುಂದಿನ ವರ್ಷಕ್ಕೆ ಹೋಗಬೇಕು.

ಹಳೇಪೆನ್ಸಿಲ್

ಒಳ್ಳೆಯ ತಕರಾರು. ನಾನು ಓದಿಕೊಂಡದ್ದು ಹೀಗೆ: ಬ್ರೇಕೇಜ್ ಗ್ರಾಹಕ ಹಕ್ಕು ಚಲಾಯಿಸಿದ ರೀತಿಯನ್ನು ಹಿಂಬಾಲಿಸುತ್ತದೆ. ವೋಚರ್ ಕೊಟ್ಟಾಗ ಆ ಹಕ್ಕು ಮುಗಿಯಿತು. ಅದಕ್ಕೇ 90,000.

ಮೂರನೇಕಣ್ಣು

ಆದರೆ ಹಕ್ಕು ಮುಗಿದಿಲ್ಲ ಸರ್, ಇನ್ನೊಂದು ಹಕ್ಕಾಗಿ ಬದಲಾಗಿದೆ. ನೀವೇ ಹೇಳಿದ ಡಬ್ಬಿಯ ಮಾತು. ಡಬ್ಬಿ ಬದಲಾದಾಗ ಅದರ ಜೊತೆಗಿದ್ದ ಪಾಲೂ ಹೋಗಬೇಕು.

ಹಳೇಪೆನ್ಸಿಲ್

ನನ್ನ ಡಬ್ಬಿಯನ್ನೇ ನನ್ನ ತಲೆಗೆ ಹೊಡೆದಿರಿ. ತರ್ಕದಲ್ಲಿ ನಿಮ್ಮದು ಗಟ್ಟಿ ಅಂತ ಒಪ್ಪುತ್ತೇನೆ. ಆದರೂ ಎರಡು ಮೆಂಬರ್‌ಶಿಪ್‌ಗೆ ಇಷ್ಟು ಮಾಡಲು ನಾನು ಹೇಳಲ್ಲ. ಅರ್ಧದಷ್ಟು ಜನ ವೋಚರ್‌ನಲ್ಲೇ ಮೆಂಬರ್‌ಶಿಪ್ ತಗೊಳ್ಳೋ ಜಾಗ ಆಗಿದ್ದರೆ ನಿಮ್ಮ ದಾರಿ ಹಿಡಿಯುತ್ತಿದ್ದೆ. ಲತಾ ಅವರ ಆಡಿಟರ್ ಏನನ್ನುತ್ತಾರೋ ನೋಡೋಣ.

ಲೆಡ್ಜರ್_ಲತಾ

ಆಡಿಟರ್‌ಗೆ ಎರಡೂ ಲೆಕ್ಕ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಸದ್ಯಕ್ಕೆ 8,901 ಹಾಕಿದ್ದೇನೆ. ವೋಚರ್ ಲೆಡ್ಜರ್ ಈಗ 1,01,099, ಮೆಂಬರ್‌ಶಿಪ್ ಲೆಡ್ಜರ್ 5,40,000. ಮೆಂಬರ್‌ಶಿಪ್ ರಿಜಿಸ್ಟರ್‌ಗೆ ಸರಿಯಾಗಿ ತಾಳೆ.

ಡೆಸ್ಕ್‌ನವರಿಗೆ ಹೇಳಿದ್ದೇನೆ, ವೋಚರ್‌ನಲ್ಲಿ ಮೆಂಬರ್‌ಶಿಪ್ ಕೊಟ್ಟರೂ ಬಿಲ್ ಬರೆಯಿರಿ, ವೋಚರ್ ಅನ್ನು ದುಡ್ಡು ಕೊಟ್ಟ ಹಾಗೆ ತೋರಿಸಿ ಅಂತ. ಆಗ ತಿಂಗಳ ಬಿಡುಗಡೆ ಪಟ್ಟಿಗೆ ತಾನಾಗಿ ಬರುತ್ತದೆ. ಪರೀಕ್ಷೆಗೆ ಒಂದು ಬಿಲ್ ಮಾಡಿ ನೋಡಿದೆ, ಸರಿ ಬಂತು.

ಒಂದು ಸಂದೇಹ ಮಾತ್ರ ಉಳಿಯಿತು. ಹೋದ ವರ್ಷದ ಡ್ರಾಯರ್ ಕಟ್ಟುಗಳಲ್ಲೂ ರಬ್ಬರ್ ಬ್ಯಾಂಡ್ ಹಾಕಿದ 12ರ ಕಟ್ಟು ಮೂರು ಇವೆ. ಆದರೆ ಅದರ ಕೊರತೆ ಈಗ ಕಾಣಲಿಲ್ಲ. ಯಾಕೆ?

ಹಳೇಪೆನ್ಸಿಲ್

ಯಾಕೆಂದರೆ ಆ ಮೂರೂ ಮೆಂಬರ್‌ಶಿಪ್ ಈ ವರ್ಷದೊಳಗೆ ಮುಗಿದಿವೆ. ರಿಜಿಸ್ಟರ್‌ನಲ್ಲಿ ಅವರು ಸೊನ್ನೆ, ಲೆಡ್ಜರ್‌ನಲ್ಲೂ ಸೊನ್ನೆ. ತಪ್ಪು ತನ್ನನ್ನು ತಾನೇ ಅಳಿಸಿಕೊಂಡಿದೆ. ಆದರೆ ಹೋದ ವರ್ಷ ಆದಾಯ ಜಾಸ್ತಿ ತೋರಿಸಿದ್ದೀರಿ, ಈ ವರ್ಷ ಅಷ್ಟೇ ಕಡಿಮೆ. ಅವು ಯಾವ ತಿಂಗಳು ಶುರುವಾದವು ನೋಡಿ. ಹೋದ ವರ್ಷದ ಮೊದಲ ತಿಂಗಳಲ್ಲೇ ಆಗಿದ್ದರೆ ಮರೆತುಬಿಡಿ. ಕೊನೆಯ ತಿಂಗಳಲ್ಲಿ ಆಗಿದ್ದರೆ 33,000 ತಪ್ಪು ವರ್ಷದಲ್ಲಿ ಕೂತಿದೆ. ಅದು ನಿಮ್ಮ ಒಟ್ಟು ಆದಾಯದ ಎದುರು ದೊಡ್ಡದೋ ಚಿಕ್ಕದೋ ಅನ್ನುವುದನ್ನು ಆಡಿಟರ್ ಜೊತೆ ಮಾತಾಡಿ.

ಲೆಡ್ಜರ್_ಲತಾ

ಕಟ್ಟುಗಳ ಮೇಲೆ ತಾರೀಖು ಬರೆದಿಲ್ಲ. ಗೇಟ್ ಕಾರ್ಡ್ ಕೊಟ್ಟ ದಿನ ಸಿಸ್ಟಮ್‌ನಲ್ಲಿ ಇರಬೇಕು, ನಾಳೆ ತೆಗೆಸುತ್ತೇನೆ.

ನೀಲಿಕೊಡೆ

ಅಂದ ಹಾಗೆ, ಅಂಗಡಿಯ ಮಾಲೀಕರನ್ನೇ ಕೇಳಿದೆ. ಒಪ್ಪಿಕೊಂಡರು. ನಾನೀಗ ಯಾರದೋ 9 ಪರ್ಸೆಂಟ್‌ನಿಂದ ಹೊರಗೆ ಬಂದೆ.